ಎರಡು ಗುಂಪುಗಳ ಡೇಟಾಗೆ ಟಿ-ಟೆಸ್ಟೋ, ಮ್ಯಾನ್-ವಿಟ್ನಿಯೋ?

ಪ್ರಶ್ನೆ: ಸರ್, ನನ್ನ ಪ್ರಾಜೆಕ್ಟ್‌ನಲ್ಲಿ ಎರಡು ಗುಂಪುಗಳ ಡೇಟಾ ಇದೆ. ಟಿ-ಟೆಸ್ಟ್ ಹಾಕಬೇಕೋ, ಮ್ಯಾನ್-ವಿಟ್ನಿ ಹಾಕಬೇಕೋ? ಗೈಡ್ ನಾಳಿದ್ದು ಕೇಳುತ್ತಾರೆ.

ಉತ್ತರ: ಇಷ್ಟು ವಿವರವನ್ನು ನೋಡಿ ಎರಡರಲ್ಲಿ ಒಂದರ ಹೆಸರು ಹೇಳಿದರೆ ಅದು ಬರೀ ಊಹೆಯಾಗುತ್ತದೆ. ಪ್ರತಿ ಗುಂಪಿನಲ್ಲಿ ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಏನನ್ನು ಅಳೆದಿದ್ದೀರಿ, ಅಳೆದು ಏನನ್ನು ತಿಳಿಯಬೇಕೆಂದಿದ್ದೀರಿ ಎಂಬ ಮೂರೂ ನಿಮ್ಮ ಪ್ರಶ್ನೆಯಲ್ಲಿಲ್ಲ. ಇವು ಬದಲಾದರೆ ಉತ್ತರ ಎಷ್ಟರ ಮಟ್ಟಿಗೆ ಬದಲಾಗುತ್ತದೆ ಎಂಬುದನ್ನು ಒಂದೇ ಡೇಟಾ ಇಟ್ಟುಕೊಂಡು ತೋರಿಸುತ್ತೇನೆ.

ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗೊಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆದು ಟಿ-ಪರೀಕ್ಷೆಗೆ ಅಡಿಪಾಯ ಹಾಕಿದಾಗ ಉದಾಹರಣೆಗೆ ತೆಗೆದುಕೊಂಡ ಡೇಟಾ ಅದು. ಎರಡು ನಿದ್ರೆಯ ಔಷಧಗಳಿಂದ ರೋಗಿಗಳಿಗೆ ಎಷ್ಟು ಗಂಟೆ ಹೆಚ್ಚುವರಿ ನಿದ್ರೆ ಬಂತು ಎಂಬ ಲೆಕ್ಕ, ಔಷಧಕ್ಕೆ ಹತ್ತು ಸಂಖ್ಯೆಗಳಂತೆ. ಆರ್ ತಂತ್ರಾಂಶದಲ್ಲಿ ಇದು `sleep` ಎಂಬ ಹೆಸರಿನಲ್ಲಿ ಸಿದ್ಧವಾಗಿದೆ. ಕಣ್ಣಿಗೆ ಕಾಣಲೆಂದು ಸಂಖ್ಯೆಗಳನ್ನು ಇಲ್ಲೇ ಬರೆದಿದ್ದೇನೆ.

```
a <- c(0.7,-1.6,-0.2,-1.2,-0.1,3.4,3.7,0.8,0.0,2.0)
b <- c(1.9,0.8,1.1,0.1,-0.1,4.4,5.5,1.6,4.6,3.4)
t.test(a, b)
t.test(a, b, paired = TRUE)
```

ಮೊದಲ ಔಷಧದ ಸರಾಸರಿ 0.75 ಗಂಟೆ, ಎರಡನೆಯದರದು 2.33 ಗಂಟೆ. ಇವು ಬೇರೆ ಬೇರೆ ಇಪ್ಪತ್ತು ಜನರ ಸಂಖ್ಯೆಗಳೆಂದು ಭಾವಿಸಿ ಮೂರನೆಯ ಸಾಲನ್ನು ಓಡಿಸಿದರೆ ಪಿ-ಮೌಲ್ಯ 0.079 ಬರುತ್ತದೆ, ಅಂದರೆ ವಾಡಿಕೆಯ 0.05ರ ಗೆರೆಯನ್ನು ಮುಟ್ಟುವುದಿಲ್ಲ. ಆದರೆ ವಾಸ್ತವದಲ್ಲಿ ಇವರು ಹತ್ತೇ ಜನ. ಎರಡೂ ಔಷಧಗಳನ್ನು ಬೇರೆ ಬೇರೆ ವೇಳೆ ಅದೇ ರೋಗಿಗಳಿಗೆ ಕೊಡಲಾಗಿತ್ತು. ಅದನ್ನು ತಿಳಿಸಿ ನಾಲ್ಕನೆಯ ಸಾಲನ್ನು ಓಡಿಸಿದರೆ ಪಿ-ಮೌಲ್ಯ 0.0028 ಬರುತ್ತದೆ. ಒಂದು ಸಂಖ್ಯೆಯೂ ಬದಲಾಗಿಲ್ಲ, ಸರಾಸರಿಗಳ ನಡುವಿನ ವ್ಯತ್ಯಾಸವೂ ಅದೇ 1.58 ಗಂಟೆ.

ಕಾರಣವನ್ನು ಸಾಲುಗಳಲ್ಲೇ ನೋಡಬಹುದು. ಏಳನೆಯ ರೋಗಿಗೆ ಒಂದು ಔಷಧದಿಂದ 3.7, ಇನ್ನೊಂದರಿಂದ 5.5 ಗಂಟೆ ಹೆಚ್ಚು ನಿದ್ರೆ ಬಂದಿದೆ. ನಾಲ್ಕನೆಯವರಿಗೆ ಒಂದರಿಂದ 1.2 ಗಂಟೆ ಕಡಿಮೆಯಾಗಿ, ಇನ್ನೊಂದರಿಂದ ಬರೀ 0.1 ಗಂಟೆ ಹೆಚ್ಚಾಗಿದೆ. ರೋಗಿಯಿಂದ ರೋಗಿಗೆ ಇರುವ ಅಂತರ ಔಷಧಗಳ ನಡುವಿನ ಅಂತರಕ್ಕಿಂತ ಬಹಳ ದೊಡ್ಡದು. ಒಬ್ಬೊಬ್ಬ ರೋಗಿಯ ಎರಡು ಸಂಖ್ಯೆಗಳನ್ನು ಕಳೆದಾಗ ಆ ದೊಡ್ಡ ಅಂತರ ಲೆಕ್ಕದಿಂದ ಹೊರಗೆ ಹೋಗುತ್ತದೆ, ವ್ಯತ್ಯಾಸದ ಪ್ರಮಾಣಿತ ದೋಷ 0.85ರಿಂದ 0.39ಕ್ಕೆ ಇಳಿಯುತ್ತದೆ. ಆದ್ದರಿಂದ ಟಿ-ಟೆಸ್ಟೋ ಮ್ಯಾನ್-ವಿಟ್ನಿಯೋ ಎಂಬುದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ನಿಮ್ಮ ಎರಡು ಗುಂಪುಗಳಲ್ಲಿರುವವರು ಬೇರೆ ಬೇರೆ ಜನರೋ, ಅಥವಾ ಅದೇ ಜನರನ್ನು ಎರಡು ಸಲ ಅಳೆದಿದ್ದೀರೋ ಎಂಬುದು. ಅದೇ ಜನರಾಗಿದ್ದರೆ ಮ್ಯಾನ್-ವಿಟ್ನಿ ಆಗಲೇ ಪಟ್ಟಿಯಿಂದ ಹೊರಗೆ. ಅದರ ಜಾಗದಲ್ಲಿ ಬರುವುದು ವಿಲ್ಕಾಕ್ಸನ್ ಸೈನ್ಡ್-ರ‍್ಯಾಂಕ್ ಪರೀಕ್ಷೆ.

ಈಗ ಅಳೆದದ್ದು ಏನು ಎಂಬುದಕ್ಕೆ ಬರೋಣ. ಸಂಶೋಧಕರು ಗಂಟೆಗಳನ್ನು ಬರೆದಿಡದೆ, ಕನಿಷ್ಠ ಒಂದು ಗಂಟೆ ಹೆಚ್ಚು ನಿದ್ರೆ ಬಂತೇ ಇಲ್ಲವೇ ಎಂದಷ್ಟೇ ಗುರುತು ಹಾಕಿದ್ದರು ಎಂದುಕೊಳ್ಳಿ. ಆಗ ಮೊದಲ ಔಷಧಕ್ಕೆ ಹತ್ತರಲ್ಲಿ ಮೂರು ‘ಹೌದು’, ಎರಡನೆಯದಕ್ಕೆ ಏಳು ‘ಹೌದು’ ಸಿಗುತ್ತವೆ. ಇಂಥ ಎಣಿಕೆಗೆ ಟಿ-ಟೆಸ್ಟೂ ಅಲ್ಲ, ಮ್ಯಾನ್-ವಿಟ್ನಿಯೂ ಅಲ್ಲ. ಜನ ಅದೇ ಜನರಾದ್ದರಿಂದ ಮೆಕ್‌ನೆಮಾರ್ ಪರೀಕ್ಷೆ ಬೇಕು, ಮತ್ತು ಅದು ಎರಡೂ ಔಷಧಗಳಿಗೆ ಒಂದೇ ಉತ್ತರ ಕೊಟ್ಟ ರೋಗಿಗಳನ್ನು ಬದಿಗಿಟ್ಟು ಉಳಿದವರನ್ನು ಮಾತ್ರ ಎಣಿಸುತ್ತದೆ. ಹಾಗೆ ಉಳಿಯುವವರು ನಾಲ್ವರು, ನಾಲ್ವರೂ ಎರಡನೆಯ ಔಷಧದ ಪರ. ನಾಲ್ಕು ಸಲ ನಾಣ್ಯ ಚಿಮ್ಮಿದಾಗ ನಾಲ್ಕೂ ಒಂದೇ ಮುಖ ಬೀಳುವ ಸಂಭವನೀಯತೆ ಹದಿನಾರರಲ್ಲಿ ಎರಡು, ಅಂದರೆ 0.125. ಗಂಟೆಗಳಲ್ಲಿ ಸ್ಪಷ್ಟವಾಗಿ ಕಂಡ ವ್ಯತ್ಯಾಸ ಹೌದು-ಇಲ್ಲಗಳಲ್ಲಿ ಮುಚ್ಚಿಹೋಯಿತು. ನಿಮ್ಮ ಬಳಿ ಮೂಲ ಅಳತೆ ಇದ್ದೂ ‘ಹೆಚ್ಚು’, ‘ಕಡಿಮೆ’ ಎಂದು ವಿಂಗಡಿಸಿ ಇಟ್ಟಿದ್ದರೆ, ದಯವಿಟ್ಟು ಮೂಲ ಅಳತೆಗೇ ಹಿಂತಿರುಗಿ.

ಸ್ಯಾಂಪಲ್ ಸಣ್ಣದಾದರೆ ಮ್ಯಾನ್-ವಿಟ್ನಿ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಪ್ರತಿ ಗುಂಪಿನಲ್ಲಿ ಮೂರೇ ಅಳತೆಗಳಿದ್ದರೆ ಈ ಸಲಹೆ ನಿಮ್ಮನ್ನು ಗೋಡೆಯ ಮುಂದೆ ತಂದು ನಿಲ್ಲಿಸುತ್ತದೆ. ಆರು ಸಂಖ್ಯೆಗಳ ದರ್ಜೆಗಳನ್ನು ಮೂರು-ಮೂರಾಗಿ ಹಂಚಲು 20 ವಿಧಗಳಿವೆ. ಒಂದು ಗುಂಪಿನ ಮೂರೂ ಸಂಖ್ಯೆಗಳು ಇನ್ನೊಂದರ ಮೂರನ್ನೂ ಮೀರಿದ್ದರೂ, ಎರಡೂ ದಿಕ್ಕುಗಳನ್ನು ಗಣಿಸುವ ಪರೀಕ್ಷೆಯಲ್ಲಿ ಸಿಗಬಹುದಾದ ಅತಿ ಕಡಿಮೆ ಪಿ-ಮೌಲ್ಯ 20ರಲ್ಲಿ 2, ಅಂದರೆ 0.1. ವ್ಯತ್ಯಾಸ ಎಷ್ಟೇ ದೊಡ್ಡದಿರಲಿ, 0.05ರ ಕೆಳಗೆ ಇಳಿಯುವುದು ಗಣಿತದಲ್ಲೇ ಅಸಾಧ್ಯ. ಜೋಡಿ ಅಳತೆಗಳಿಗೂ ಇಂಥದೇ ಮಿತಿಯಿದೆ: ಐದು ಜೋಡಿಗಳಿದ್ದರೆ ವಿಲ್ಕಾಕ್ಸನ್ ಕೊಡಬಲ್ಲ ಅತಿ ಕಡಿಮೆ ಮೌಲ್ಯ 32ರಲ್ಲಿ 2, ಅಂದರೆ 0.0625. ಟಿ-ಪರೀಕ್ಷೆಗೆ ಈ ತಡೆ ಇಲ್ಲ, ಆದರೆ ಮೂರು ಸಂಖ್ಯೆಗಳನ್ನು ನೋಡಿ ಅವುಗಳ ಹಂಚಿಕೆ ಆ ಪರೀಕ್ಷೆ ಬಯಸುವ ಗಂಟೆಯಾಕಾರದ ನಾರ್ಮಲ್ ಹಂಚಿಕೆಯೋ ಅಲ್ಲವೋ ಎಂದು ಯಾರೂ ಹೇಳಲಾರರು. ಅಲ್ಲಿ ನೀವು ಡೇಟಾವನ್ನಲ್ಲ, ಆ ಅಳತೆಯ ಬಗ್ಗೆ ಹಿಂದಿನಿಂದ ಇರುವ ತಿಳಿವಳಿಕೆಯನ್ನು ನಂಬುತ್ತಿರುತ್ತೀರಿ. ಅಂದಹಾಗೆ, ಜೋಡಿ ಟಿ-ಪರೀಕ್ಷೆಯಲ್ಲಿ ನೋಡಬೇಕಾದದ್ದು ಎರಡು ಗುಂಪುಗಳ ಹಂಚಿಕೆಯನ್ನಲ್ಲ, ವ್ಯತ್ಯಾಸಗಳ ಹಂಚಿಕೆಯನ್ನು. ಮೇಲಿನ ಡೇಟಾದಲ್ಲಿ ಒಂಬತ್ತನೆಯ ರೋಗಿಯ ವ್ಯತ್ಯಾಸ 4.6, ಉಳಿದ ಯಾರದೂ 2.4ನ್ನು ದಾಟಿಲ್ಲ. ನಾನಾದರೆ ಆ ಒಂದು ಸಾಲಿನ ಮೂಲ ದಾಖಲೆಯನ್ನು ತೆಗೆಸಿ ನೋಡದೆ ಮುಂದೆ ಹೋಗುತ್ತಿರಲಿಲ್ಲ.

ಇನ್ನು ಉಳಿದದ್ದು ಡೇಟಾದ ಹಿಂದಿನ ಪ್ರಶ್ನೆ. ಮೊದಲ ಔಷಧದಿಂದ ನಿದ್ರೆ ಹೆಚ್ಚುತ್ತದೆಯೇ ಎಂದು ಮಾತ್ರ ಕೇಳಿ, ಆ ಹತ್ತು ಸಂಖ್ಯೆಗಳನ್ನಷ್ಟೇ ಸೊನ್ನೆಯೊಂದಿಗೆ ಹೋಲಿಸಿದರೆ ಪಿ-ಮೌಲ್ಯ 0.22, ಎರಡನೆಯದಕ್ಕೆ ಹಾಗೆಯೇ ಮಾಡಿದರೆ 0.005. ಒಂದು ಫಲಕಾರಿ, ಇನ್ನೊಂದು ಅಲ್ಲ, ಆದ್ದರಿಂದ ಎರಡರ ನಡುವೆ ವ್ಯತ್ಯಾಸವಿದೆ ಎಂದು ಇಲ್ಲಿಂದ ಬರೆಯುವ ಪ್ರಬಂಧಗಳು ಕಡಿಮೆಯೇನಿಲ್ಲ. ಆ ತೀರ್ಮಾನಕ್ಕೆ ಈ ಎರಡು ಪರೀಕ್ಷೆಗಳು ಆಧಾರವಾಗುವುದಿಲ್ಲ. 0.06 ಮತ್ತು 0.04 ಬಂದಿದ್ದರೂ ಇದೇ ವಾಕ್ಯವನ್ನು ಬರೆಯಬಹುದಿತ್ತು, ಆಗ ಔಷಧಗಳ ನಡುವೆ ಹೆಚ್ಚುಕಡಿಮೆ ಯಾವ ವ್ಯತ್ಯಾಸವೂ ಇರದಿರಬಹುದಿತ್ತು. ವ್ಯತ್ಯಾಸ ಬೇಕೆಂದರೆ ವ್ಯತ್ಯಾಸವನ್ನೇ ಪರೀಕ್ಷಿಸಬೇಕು.

ಆದ್ದರಿಂದ ನಿಮ್ಮ ಶೀಟಿನ ಮೊದಲ ಐದು ಸಾಲುಗಳನ್ನು ಹೆಸರು ತೆಗೆದು ಇಲ್ಲಿ ಹಾಕಿ, ಒಂದು ಸಾಲು ಎಂದರೆ ಒಬ್ಬ ವ್ಯಕ್ತಿಯೋ ಒಂದು ಅಳತೆಯೋ ಎಂಬುದನ್ನು ತಿಳಿಸಿ, ಫಲಿತಾಂಶದ ಅಧ್ಯಾಯದಲ್ಲಿ ನೀವು ಬರೆಯಬೇಕೆಂದಿರುವ ವಾಕ್ಯವನ್ನು ಸಂಖ್ಯೆಗಳ ಜಾಗ ಖಾಲಿ ಬಿಟ್ಟು ಬರೆಯಿರಿ. ಅಷ್ಟರೊಳಗೆ ಗೈಡ್ ಕೇಳಿಬಿಟ್ಟರೆ ಹೀಗೆ ಹೇಳಬಹುದು: ಗುಂಪುಗಳಲ್ಲಿ ಬೇರೆ ಬೇರೆ ಜನರಿದ್ದು, ಅಳತೆ ತೂಕ ಅಥವಾ ಸಮಯದಂಥದ್ದಾಗಿ, ಗುಂಪಿಗೆ ಇಪ್ಪತ್ತು ಮೂವತ್ತು ಮಂದಿ ಇದ್ದು, ಸರಾಸರಿಯನ್ನೇ ಹೋಲಿಸಬೇಕಾಗಿದ್ದರೆ ವೆಲ್ಚ್ ಟಿ-ಪರೀಕ್ಷೆ. ಅದು ಎರಡು ಗುಂಪುಗಳ ಹರಡುವಿಕೆ ಸಮವಾಗಿರಲೇಬೇಕೆಂದು ಕೇಳುವುದಿಲ್ಲ, ಆರ್‌ನಲ್ಲಿ `t.test` ಎಂದು ಬರೆದರೆ ತಾನಾಗಿ ಓಡುವುದೂ ಅದೇ. ಒಂದರಿಂದ ಐದರವರೆಗಿನ ಒಂದೇ ಪ್ರಶ್ನೆಯ ಅಂಕವಾದರೆ ಮ್ಯಾನ್-ವಿಟ್ನಿ ಸೂಕ್ತ, ಆದರೆ ಅದರ ಫಲಿತಾಂಶವನ್ನು ‘ಸರಾಸರಿ ಹೆಚ್ಚಿದೆ’ ಎಂದು ಬರೆಯಬೇಡಿ. ಒಂದು ಗುಂಪಿನವರ ಅಂಕಗಳು ಇನ್ನೊಂದರವರ ಅಂಕಗಳಿಗಿಂತ ಮೇಲಿರುವ ಒಲವು ಇದೆಯೇ ಎಂಬುದನ್ನು ಮಾತ್ರ ಅದು ಹೇಳುತ್ತದೆ.