6 ಕ್ಲಿಕ್, 11 ಕ್ಲಿಕ್: ಇಷ್ಟಕ್ಕೇ ತೀರ್ಮಾನ ಬೇಡ

"ದಾವಣಗೆರೆಯಲ್ಲಿ ನಮ್ಮದು ಬೆಣ್ಣೆದೋಸೆ ಹೋಟೆಲ್. ಫೋಟೊ ಪೋಸ್ಟಿಗೆ 6 ಕ್ಲಿಕ್, ವಿಡಿಯೊಗೆ 11. ಎರಡಕ್ಕೂ ವ್ಯೂಸ್ ಸುಮಾರು 200. ಇನ್ನು ವಿಡಿಯೊ ಮಾತ್ರ ಹಾಕಲಾ?"

ಈಗಲೇ ಬೇಡ ಸರ್. ವ್ಯೂಸ್ ಸಮ ಇದ್ದಾಗ ಒಂದು ಒರಟು ಲೆಕ್ಕ ಇದೆ: ಎರಡರ ಕ್ಲಿಕ್ ಕೂಡಿಸಿ, ವರ್ಗಮೂಲ ತೆಗೆದು, ದುಪ್ಪಟ್ಟು ಮಾಡಿ. ಎರಡರ ಕ್ಲಿಕ್ ವ್ಯತ್ಯಾಸ ಈ ಗಡಿ ದಾಟಿದರೆ ಮಾತ್ರ ನಂಬಿ. 17ರ ವರ್ಗಮೂಲ ಸುಮಾರು 4.1, ದುಪ್ಪಟ್ಟು 8.2. ನಿಮ್ಮ ವ್ಯತ್ಯಾಸ ಬರೀ 5. ಅದೃಷ್ಟವೊಂದೇ ಇಷ್ಟು ಆಡಿಸುತ್ತೆ. ಇದೇ ಪ್ರಮಾಣ ತಲಾ 800 ವ್ಯೂಸ್‌ವರೆಗೂ ಉಳಿದು ಕ್ಲಿಕ್ 24, 44 ಆದರೆ ವ್ಯತ್ಯಾಸ 20, ಗಡಿ 16.5. ಆಗ ನಂಬಬಹುದು.

ಆದರೆ ಆ 800 ನಾಲ್ಕೈದು ಪೋಸ್ಟುಗಳಿಂದ ಬರಲಿ, ಮತ್ತು ಹೊತ್ತು ಒಂದೇ ಇರಲಿ. ತಿಂಡಿ ಹೊತ್ತಿಗೆ ವಿಡಿಯೊ, ಊಟ ಆದಮೇಲೆ ಫೋಟೊ ಹಾಕಿದರೆ ನೀವು ಅಳೆಯೋದು ಜನರ ಹಸಿವನ್ನು! ವಿಡಿಯೊ ಮುಂದಿದೆ ಅನ್ನಿಸಿದ ದಿನವೇ ಎಣಿಕೆ ನಿಲ್ಲಿಸಲೂಬೇಡಿ. ಎಷ್ಟು ವ್ಯೂಸ್‌ಗೆ ನಿಲ್ಲಿಸೋದು ಅಂತ ಮೊದಲೇ ಬರೆದಿಟ್ಟುಕೊಳ್ಳಿ.