ನಾಲ್ಕು ಫ್ರೇಮ್‌ಗಳಲ್ಲಿ ಕಂಡ ಮುಖ

ಪ್ರಶ್ನೆ: ನಡೆದು ಬರುವವರ ಮುಖಕ್ಕೆ ಬ್ಲರ್ ಹಾಕಿ ಟ್ರ್ಯಾಕ್ ಮಾಡಿದರೆ, ಯಾರಾದರೂ ಅಡ್ಡ ಬಂದಾಗ ಜಾರಿಬಿಡುತ್ತದೆ. ಜಾರದೆ ತಾನಾಗಿಯೇ ಹಿಡಿದುಕೊಳ್ಳುವ ಸಾಫ್ಟ್‌ವೇರ್ ಯಾವುದು? ಅದರಲ್ಲೇ ಒಂದು ಕಾರಿಗೆ ಲೇಬಲ್ ಕೂಡ ಅಂಟಿಸಬೇಕು.

ಆರು ವರ್ಷದ ಹಿಂದೆ ನಾನೂ ಇದನ್ನೇ ಹುಡುಕುತ್ತಿದ್ದೆ. ಆಗ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳ ಬಗ್ಗೆ ಹನ್ನೆರಡು ನಿಮಿಷದ ಒಂದು ಡಾಕ್ಯುಮೆಂಟರಿ ಎಡಿಟ್ ಮಾಡುತ್ತಿದ್ದೆ. ಅದರಲ್ಲಿ ಒಬ್ಬ ಅಕ್ಕ ಶಿಫ್ಟ್ ಬಿಟ್ಟ ಮೇಲೆ ಗೇಟಿನಿಂದ ಬಸ್ ಸ್ಟಾಪಿಗೆ ನಡೆಯುತ್ತಾ, ಓವರ್‌ಟೈಮ್ ದುಡ್ಡು ಹೇಗೆ ಕೈಗೆ ಬರುವುದಿಲ್ಲ ಅಂತ ಹೇಳುತ್ತಾರೆ. ಶೂಟಿಂಗ್ ದಿನ ನಾನೂ ಮೈಕ್ ಹಿಡಿದು ಜೊತೆಗಿದ್ದೆ. ಮಾತು ಶುರು ಮಾಡುವ ಮೊದಲು ಅವರು ಕೇಳಿದ್ದು ಒಂದೇ: "ಮುಖ ಮಾತ್ರ ಕಾಣಬಾರದು ಅಣ್ಣ." ಕಾಣೋದಿಲ್ಲ ಅಕ್ಕ ಅಂತ ನಾನೇ ಹೇಳಿದ್ದೆ.

ಆ ಶಾಟ್ 9 ಸೆಕೆಂಡಿನದು. ಸೆಕೆಂಡಿಗೆ 25 ಫ್ರೇಮ್, ಅಂದರೆ ಒಟ್ಟು 225 ಫ್ರೇಮ್. ಕ್ಯಾಮೆರಾ ಕೈಯಲ್ಲಿತ್ತು. ಎರಡನೇ ಸೆಕೆಂಡಿನಲ್ಲಿ ಅವರು ಒಮ್ಮೆ ಗೇಟಿನ ಕಡೆ ತಿರುಗಿ ನೋಡುತ್ತಾರೆ. ಐದನೇ ಸೆಕೆಂಡಿನಲ್ಲಿ ಒಂದು ಆಟೋ ಅಡ್ಡ ಹಾದುಹೋಗುತ್ತದೆ. ನಾನು ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಕಲರ್ ಪೇಜಿನಲ್ಲಿ ಮುಖದ ಮೇಲೆ ಒಂದು ದುಂಡು ವಿಂಡೋ ಇಟ್ಟು, ಅದರೊಳಗೆ ಬ್ಲರ್ ಹಾಕಿ, ಟ್ರ್ಯಾಕ್ ಒತ್ತಿದೆ. ಐದು ಸೆಕೆಂಡ್ ಚೆನ್ನಾಗಿಯೇ ಹೋಯಿತು. ಆಟೋ ಬಂದದ್ದೇ ತಡ, ವಿಂಡೋ ಅದರ ಹಿಂದೆಯೇ ಹೊರಟುಹೋಯಿತು.

ಅದು ಹೋಗಲೇಬೇಕು. ಆ ಟ್ರ್ಯಾಕರ್‌ಗೆ ಅಲ್ಲಿರುವುದು ಮುಖ ಅಂತ ಗೊತ್ತಿಲ್ಲ. ವಿಂಡೋದೊಳಗೆ ಎದ್ದು ಕಾಣುವ ಒಂದಷ್ಟು ಚುಕ್ಕೆಗಳನ್ನು ಆರಿಸಿಕೊಂಡು, ಅವು ಮುಂದಿನ ಫ್ರೇಮ್‌ನಲ್ಲಿ ಎಲ್ಲಿವೆ ಅಂತ ಅಕ್ಕಪಕ್ಕ ಹುಡುಕುತ್ತದೆ, ಅಷ್ಟೇ. ಆಟೋದ ಹಳದಿ ಟಾಪು ಅದೇ ಜಾಗಕ್ಕೆ ಬಂದರೆ ಚುಕ್ಕೆಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಜಾರುವುದು ಮುಖ ಪೂರ್ತಿ ಮುಚ್ಚಿದಾಗಲ್ಲ. ಆಟೋದ ಮೂತಿ ವಿಂಡೋದ ಅಂಚು ಮುಟ್ಟಿದ ಫ್ರೇಮ್‌ನಿಂದಲೇ ಅದು ಎಳೆಯಲು ಶುರು ಮಾಡಿರುತ್ತದೆ. ಹಾಗಾಗಿ ಕಣ್ಣಿಗೆ ಕಾಣುವುದಕ್ಕಿಂತ ಎರಡು ಮೂರು ಫ್ರೇಮ್ ಹಿಂದಿನಿಂದಲೇ ಆ ಡೇಟಾ ಅಳಿಸಬೇಕು. ಇದು ನನಗೆ ಆಗಲೇ ಗೊತ್ತಿತ್ತು. ಅಳಿಸಿದೆ. ಆಟೋ ದಾಟಿದ ಮೇಲಿನ ಫ್ರೇಮ್‌ಗೆ ಹೋದೆ. ವಿಂಡೋವನ್ನು ಎಳೆದು ಮತ್ತೆ ಮುಖದ ಮೇಲೆ ಕೂರಿಸಿದೆ. ಅಲ್ಲಿಂದ ಕೊನೆತನಕ ಟ್ರ್ಯಾಕ್ ಮಾಡಿದೆ. ಆಟೋ ಬರುವಲ್ಲಿಂದ ಕೊನೆಯವರೆಗೆ ಮೂರು ಸಲ ಪ್ಲೇ ಮಾಡಿ ನೋಡಿದೆ. ಸರಿಯಾಗಿತ್ತು. ಎಕ್ಸ್‌ಪೋರ್ಟ್ ಮಾಡಿ ಕಳಿಸಿದೆ.

ತಪ್ಪು ಆ "ಎಳೆದು ಕೂರಿಸಿದೆ" ಅನ್ನುವ ಜಾಗದಲ್ಲಿದೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ರಿಸಾಲ್ವ್‌ನ ಟ್ರ್ಯಾಕರ್ ಪೆಟ್ಟಿಗೆಯಲ್ಲಿ `Clip` ಮತ್ತು `Frame` ಅಂತ ಎರಡು ಗುಂಡಿಗಳಿವೆ. ತೆರೆದಾಗ ಆನ್ ಆಗಿರುವುದು `Clip`. ಟ್ರ್ಯಾಕರ್ ಎರಡು ವಿಷಯಗಳನ್ನು ಬೇರೆ ಬೇರೆ ಇಟ್ಟುಕೊಂಡಿರುತ್ತದೆ. ಒಂದು, ವಿಂಡೋ ಇಟ್ಟ ಜಾಗ. ಇನ್ನೊಂದು, ಆ ಜಾಗದಿಂದ ಪ್ರತಿ ಫ್ರೇಮ್‌ನಲ್ಲಿ ಎಷ್ಟು ಸರಿಯಬೇಕು ಅನ್ನುವ ಲೆಕ್ಕ. `Clip` ಆನ್ ಇರುವಾಗ ವಿಂಡೋ ಎಳೆದರೆ ಬದಲಾಗುವುದು ಮೊದಲನೆಯದು. ಅಂದರೆ ನೀವು ನೋಡುತ್ತಿರುವ ಆ ಒಂದು ಫ್ರೇಮ್ ಮಾತ್ರ ಅಲ್ಲ, ಮೊದಲ ಫ್ರೇಮ್‌ನಿಂದ ಕೊನೆಯ ಫ್ರೇಮ್‌ವರೆಗೆ ಇಡೀ ದಾರಿಯೇ ಅಷ್ಟು ಪಕ್ಕಕ್ಕೆ ಸರಿಯುತ್ತದೆ. `Frame` ಆನ್ ಇದ್ದರೆ ಆ ಫ್ರೇಮ್‌ಗೆ ಮಾತ್ರ ಒಂದು ಕೀಫ್ರೇಮ್ ಬೀಳುತ್ತದೆ.

ನಾನು `Clip`ನಲ್ಲೇ ಎಳೆದಿದ್ದೆ. ಸುಮಾರು ಮೂವತ್ತು ಪಿಕ್ಸೆಲ್ ಎಡಕ್ಕೆ. ಆಟೋ ನಂತರದ ಭಾಗ ಸರಿಯಾಯಿತು. ಮೊದಲೇ ಸರಿಯಿದ್ದ ಐದು ಸೆಕೆಂಡ್ ಅಷ್ಟೇ ಎಡಕ್ಕೆ ಸರಿದು ಕೆಟ್ಟಿತು. ಕೆಟ್ಟದ್ದು ಎದ್ದು ಕಾಣುವಷ್ಟೂ ಇರಲಿಲ್ಲ. ವಿಂಡೋ ಮುಖಕ್ಕಿಂತ ಸ್ವಲ್ಪ ದೊಡ್ಡದಿತ್ತು, ಹಾಗಾಗಿ ಹೆಚ್ಚಿನ ಕಡೆ ಕೆನ್ನೆಯ ಅಂಚು, ಕಿವಿಯೋಲೆ ಮಾತ್ರ ಹೊರಗೆ ಬಂದಿತ್ತು. ಆದರೆ ಎರಡನೇ ಸೆಕೆಂಡಿನಲ್ಲಿ ಅವರು ಗೇಟಿನ ಕಡೆ ತಿರುಗಿದರಲ್ಲ, ತಿರುಗಿದ್ದು ಬಲಕ್ಕೆ. ಅಲ್ಲಿ ನಾಲ್ಕು ಫ್ರೇಮ್ ಮೂಗು, ಒಂದು ಕಣ್ಣು, ಅರ್ಧ ಬಾಯಿ ಪೂರ್ತಿ ಹೊರಗಿತ್ತು. ವಿಂಡೋದ ಅಂಚನ್ನು ನೋಡಲು ಚೆನ್ನಾಗಿರಲಿ ಅಂತ ಮೆತ್ತಗೆ ಮಾಡಿದ್ದೆ. ಹಾಗಾಗಿ ಅಂಚಿನ ಹತ್ತಿರ ಬ್ಲರ್ ಕೂಡ ತೆಳುವಾಗಿತ್ತು.

ನಾಲ್ಕು ಫ್ರೇಮ್ ಅಂದರೆ 0.16 ಸೆಕೆಂಡ್. ಪ್ಲೇ ಮಾಡಿದರೆ ಒಂದು ಮಿಣುಕು. ಆದರೆ ಯೂಟ್ಯೂಬ್‌ನಲ್ಲಿ ನಿಲ್ಲಿಸಿ, ಕೀಬೋರ್ಡಿನ ಅಲ್ಪವಿರಾಮ ಮತ್ತು ಚುಕ್ಕಿಯ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತದೆ. ಇದು ಯಾರು ಅಂತ ತಿಳಿಯಬೇಕೆಂದು ಕೂತವರಿಗೆ ಅಷ್ಟು ಸಾಕು. ಯೂಟ್ಯೂಬ್‌ಗೆ ಹಾಕಿದ ಮೂರನೇ ದಿನ ಆ ಅಕ್ಕನೇ ಫೋನ್ ಮಾಡಿದರು. ಅವರ ಮುಖದ ಸ್ಕ್ರೀನ್‌ಶಾಟ್ ಅವರ ಫ್ಯಾಕ್ಟರಿಯ ವಾಟ್ಸಾಪ್ ಗುಂಪಿನಲ್ಲೇ ಓಡಾಡುತ್ತಿತ್ತು. "ಕಾಣೋದಿಲ್ಲ ಅಂದಿದ್ರಲ್ಲ ಅಣ್ಣ" ಅಂದರು. ಅಷ್ಟೇ ಅಂದರು, ಬೈಯಲಿಲ್ಲ. ವೀಡಿಯೊ ಅವತ್ತೇ ಅಳಿಸಿದೆವು. ಹರಡಿದ ಸ್ಕ್ರೀನ್‌ಶಾಟ್ ಅಳಿಸಲು ಆಗುತ್ತದೆಯೇ? ತಿಂಗಳು ಮುಗಿಯುವುದರೊಳಗೆ ಅವರು ಆ ಕೆಲಸ ಬಿಡಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಜಾರದ ಸಾಫ್ಟ್‌ವೇರ್ ಹುಡುಕುವುದನ್ನು ಬಿಡಿ. ನನ್ನ ಶಾಟ್‌ನಲ್ಲಿ ಟ್ರ್ಯಾಕರ್ ಜಾರಿದ್ದು ನನಗೆ ಕಂಡಿತ್ತು, ಅದನ್ನು ಸರಿಪಡಿಸಿಯೂ ಇದ್ದೆ. ಮುಖ ಹೊರಬಿದ್ದದ್ದು ನಾನು ಸರಿಪಡಿಸಿದ ರೀತಿಯಿಂದ, ಮತ್ತು ಮೊದಲೇ ನೋಡಿಯಾಗಿದೆ ಅಂತ ಆ ಭಾಗವನ್ನು ಮತ್ತೆ ನೋಡದೆ ಇದ್ದದ್ದರಿಂದ. ಯಾವ ಸಾಫ್ಟ್‌ವೇರ್ ತಂದರೂ ಆಟೋ ಅಡ್ಡ ಬಂದೇ ಬರುತ್ತದೆ, ನೀವು ಕೈಹಾಕಲೇಬೇಕಾಗುತ್ತದೆ.

ಇನ್ನೊಂದು ಮಾತು. ನೀವು ಲೇಬಲ್ ಮತ್ತು ಬ್ಲರ್ ಎರಡನ್ನೂ ಒಂದೇ ಕೆಲಸ ಅಂದುಕೊಂಡಿದ್ದೀರಿ. ಲೇಬಲ್ ನಾಲ್ಕು ಫ್ರೇಮ್ ಜಾರಿದರೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಮುಖ ನಾಲ್ಕು ಫ್ರೇಮ್ ಕಂಡರೆ ಮುಗಿಯಿತು. ಲೇಬಲ್ ಅನ್ನು ಟ್ರ್ಯಾಕರ್‌ಗೆ ಬಿಡಿ. ಬ್ಲರ್ ಅನ್ನು ಬಿಡಬೇಡಿ.

ಈಗ ನಾನು ಹೀಗೆ ಮಾಡುತ್ತೇನೆ. ಮುಖವನ್ನು ಟ್ರ್ಯಾಕ್ ಮಾಡುವುದೇ ಇಲ್ಲ. ತಲೆ ತಿರುಗಿದ ಕೂಡಲೇ ಕಣ್ಣು ಮೂಗು ಮರೆಯಾಗಿ ಕೂದಲು ಬರುತ್ತದೆ, ಚುಕ್ಕೆಗಳು ಕಳೆದುಹೋಗುತ್ತವೆ. ಬದಲಿಗೆ ಕುತ್ತಿಗೆ ಹತ್ತಿರದ ಬಟ್ಟೆ ಹಿಡಿಯುತ್ತೇನೆ, ಕಾಲರ್ ಅಥವಾ ಐಡಿ ಕಾರ್ಡಿನ ಪಟ್ಟಿ. ಮೊದಲು ವಿಂಡೋವನ್ನು ಅಲ್ಲಿಟ್ಟು ಟ್ರ್ಯಾಕ್ ಮಾಡಿ, ಆಮೇಲೆ `Clip`ನಲ್ಲಿ ವಿಂಡೋವನ್ನು ಮುಖದ ಮೇಲಕ್ಕೆ ಎತ್ತುತ್ತೇನೆ. ಹೌದು, ನನ್ನನ್ನು ಕೆಡಿಸಿದ ಅದೇ ಗುಂಡಿ ಇಲ್ಲಿ ಬೇಕು, ಯಾಕೆಂದರೆ ಇಲ್ಲಿ ಇಡೀ ದಾರಿ ಒಟ್ಟಿಗೆ ಸರಿಯಬೇಕು. ಅದಾದ ಮೇಲೆ `Frame`ಗೆ ಹೋದರೆ ಮತ್ತೆ `Clip` ಮುಟ್ಟುವುದಿಲ್ಲ. ವಿಂಡೋ ಮುಖದ ಎರಡರಷ್ಟು ದೊಡ್ಡದಿರುತ್ತದೆ, ಅಂಚು ಗಟ್ಟಿಯಾಗಿರುತ್ತದೆ. ಅಡ್ಡ ಬರುವ ಆಟೋದ ಮೇಲೂ ಬ್ಲರ್ ಬಿದ್ದರೆ ಬೀಳಲಿ. ಆಟೋ ಬ್ಲರ್ ಆಯಿತು ಅಂತ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅದು ಹಾದುಹೋಗುವಷ್ಟು ಹೊತ್ತು ಎರಡು ಮೂರು ಫ್ರೇಮ್‌ಗೊಮ್ಮೆ ಕೈಯಲ್ಲೇ ವಿಂಡೋ ಸರಿಸುತ್ತೇನೆ.

ಆಮೇಲೆ ಪರೀಕ್ಷೆ. ಟೈಮ್‌ಲೈನ್‌ನಲ್ಲಿ ಅಲ್ಲ, ಎಕ್ಸ್‌ಪೋರ್ಟ್ ಆದ ಫೈಲ್‌ನಲ್ಲಿ. ಒಂದು ಫೋಲ್ಡರ್ ಮಾಡಿ, ಟರ್ಮಿನಲ್‌ನಲ್ಲಿ ffmpeg ಅನ್ನುವ ಪ್ರೋಗ್ರಾಂ ಬಳಸಿ ಆ ಶಾಟ್‌ನ ಫ್ರೇಮ್‌ಗಳನ್ನೆಲ್ಲ ಫೋಟೋಗಳಾಗಿ ತೆಗೆಯುತ್ತೇನೆ:

```
mkdir frames
ffmpeg -ss 00:03:41 -i final.mp4 -t 9 frames/%04d.png
```

ಇದು 3 ನಿಮಿಷ 41 ಸೆಕೆಂಡಿನಿಂದ 9 ಸೆಕೆಂಡ್ ತೆಗೆಯುತ್ತದೆ. 225 ಫೋಟೋ ಬರುತ್ತವೆ. ಫೋಲ್ಡರ್‌ನಲ್ಲಿ ದೊಡ್ಡ ಥಂಬ್‌ನೇಲ್ ಹಾಕಿ ಸಾಲಾಗಿ ನೋಡಿದರೆ ಐದು ನಿಮಿಷವೂ ಬೇಡ. ಹೊರಬಿದ್ದ ಮುಖ ತಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಒಂದೇ ಒಂದು ಕೀಫ್ರೇಮ್ ಮುಟ್ಟಿದರೂ ಮತ್ತೆ ಮೊದಲ ಫೋಟೋದಿಂದ ನೋಡುತ್ತೇನೆ. ಈ ಐದು ನಿಮಿಷ ಅವತ್ತು ಕೊಟ್ಟಿದ್ದರೆ ಆ ಅಕ್ಕನ ಕೆಲಸ ಉಳಿಯುತ್ತಿತ್ತು.

ಮೊಸಾಯಿಕ್ ಚೌಕಗಳನ್ನು ನಾನು ಬಳಸುವುದಿಲ್ಲ. ಜನ ಚಲಿಸುವಾಗ ಪ್ರತಿ ಫ್ರೇಮ್‌ನಲ್ಲೂ ಚೌಕಗಳು ಮುಖದ ಬೇರೆ ಬೇರೆ ಜಾಗದ ಮೇಲೆ ಬೀಳುತ್ತವೆ. ಹಲವು ಫ್ರೇಮ್ ಸೇರಿಸಿದರೆ ಒಂದೇ ಫ್ರೇಮ್‌ನಲ್ಲಿ ಇಲ್ಲದ ವಿವರ ಸಿಗುತ್ತದೆ. ನಂಬರ್ ಪ್ಲೇಟಿಗಂತೂ ಇದು ಇನ್ನೂ ಅಪಾಯ. ಅಲ್ಲಿರುವುದು ಕೆಲವೇ ಅಕ್ಷರ ಮತ್ತು ಅಂಕಿ, ಒಂದೊಂದನ್ನೇ ಅದೇ ರೀತಿ ಮಬ್ಬು ಮಾಡಿ ಹೋಲಿಸಿ ನೋಡಬಹುದು. ಪ್ಲೇಟಿನ ಮೇಲೆ ಸುಮ್ನೆ ಒಂದೇ ಬಣ್ಣದ ಪಟ್ಟಿ ಹಾಕಿ. ಮುಖಕ್ಕೆ ಬ್ಲರ್ ಹಾಕುವುದಾದರೆ ಕಣ್ಣು ಎಲ್ಲಿದೆ ಅಂತಲೂ ತಿಳಿಯದಷ್ಟು ಜಾಸ್ತಿ ಹಾಕಿ.

ನಿಮ್ಮ ಕಾರಿನ ಲೇಬಲ್ ವಿಷಯ ಸುಲಭ. ರಿಸಾಲ್ವ್‌ನಲ್ಲೇ ಇರುವ ಫ್ಯೂಷನ್ ಪೇಜಿನ ಟ್ರ್ಯಾಕರ್ ನೋಡ್‌ನಲ್ಲಿ ಪ್ಲೇಟಿನ ಮೂಲೆ ಅಥವಾ ಹೆಡ್‌ಲೈಟಿನ ಅಂಚು ಹಿಡಿಯಿರಿ. ಗಾಜು, ಬಾನೆಟ್‌ನ ಹೊಳಪು ಬೇಡ. ಅಲ್ಲಿ ಕಾಣುವುದು ಮರ, ಕಟ್ಟಡದ ಪ್ರತಿಬಿಂಬ, ಅದು ಕಾರಿನ ಜೊತೆ ಚಲಿಸುವುದಿಲ್ಲ. ಕಾರು ದೊಡ್ಡದಾಗಿ, ಸ್ಪಷ್ಟವಾಗಿ ಕಾಣುವ ಫ್ರೇಮ್‌ನಿಂದ ಶುರು ಮಾಡಿ ಹಿಂದಕ್ಕೂ ಮುಂದಕ್ಕೂ ಟ್ರ್ಯಾಕ್ ಮಾಡಿ. ಆಮೇಲೆ ಅಕ್ಷರದ `Center` ಮೇಲೆ ಬಲಕ್ಲಿಕ್ ಮಾಡಿ ಅದನ್ನು ಟ್ರ್ಯಾಕರ್‌ನ `Offset Position`ಗೆ ಜೋಡಿಸಿ. ಕಾರು ಹತ್ತಿರ ಬಂದಂತೆ ಲೇಬಲ್ ಕೂಡ ದೊಡ್ಡದಾಗಬೇಕಾದರೆ ಎರಡು ಚುಕ್ಕೆ ಬೇಕು, ಒಂದರಿಂದ ಜಾಗ ಮಾತ್ರ ಸಿಗುತ್ತದೆ. ನನ್ನನ್ನು ಕೇಳಿದರೆ ದೊಡ್ಡದಾಗುವುದೇ ಬೇಡ. ಒಂದೇ ಅಳತೆಯ ಅಕ್ಷರ ಓದಲು ಸುಲಭ.

ಮುಖದ ಶಾಟ್ ಇನ್ನೂ ತೆಗೆದಿಲ್ಲ ಅಂತಾದರೆ, ಹಿಂದಿನಿಂದ ತೆಗೆಯಿರಿ. ಕೈ, ಚಪ್ಪಲಿ, ಟಿಫಿನ್ ಬ್ಯಾಗ್ ತೆಗೆಯಿರಿ. ಕ್ಯಾಮೆರಾದೊಳಗೆ ಹೋಗದ ಮುಖ ಯಾವ ಫ್ರೇಮ್‌ನಲ್ಲೂ ಹೊರಗೆ ಬರುವುದಿಲ್ಲ. ಈಗಾಗಲೇ ತೆಗೆದಾಗಿದ್ದರೆ, ಅಪ್‌ಲೋಡ್ ಮಾಡುವ ಮೊದಲು ಆ ಫೈಲನ್ನು ಅವರ ಹತ್ತಿರವೇ ತೆಗೆದುಕೊಂಡು ಹೋಗಿ, ಅವರ ಪಕ್ಕ ಕೂತು ತೋರಿಸಿ. ಕಿವಿಯೋಲೆ, ಬಳೆ, ಬ್ಯಾಗು, ಬಸ್ಸಿನ ಗಾಜಿನಲ್ಲಿ ಬಿದ್ದ ಪ್ರತಿಬಿಂಬ, ಇವುಗಳಿಂದ ತಮ್ಮನ್ನು ಯಾರು ಗುರುತಿಸಬಹುದು ಅಂತ ಅವರಿಗೆ ಗೊತ್ತಿರುತ್ತದೆ, ನಮಗಲ್ಲ. ಅವರು ಈ ಶಾಟ್ ಬೇಡ ಅಂದರೆ ತೆಗೆದುಬಿಡಿ. ಒಮ್ಮೆ ಹಾಕಿದ ಮೇಲೆ ಅದೇ ಲಿಂಕ್‌ಗೆ ಬೇರೆ ಫೈಲ್ ಏರಿಸಲು ಯೂಟ್ಯೂಬ್‌ನಲ್ಲಿ ಆಗುವುದಿಲ್ಲ.