ನೋಟಿಸು ಕಳಿಸುವ ಮುನ್ನ: ಕಂಪನಿಯ ನೋಂದಾಯಿತ ಕಚೇರಿ ಇರುವುದು ಎಲ್ಲಿ?

ಪ್ರಶ್ನೆ: ನಾನು ರಾಣೇಬೆನ್ನೂರು ತಾಲ್ಲೂಕಿನ ರೈತ. ಒಂದು ಬೀಜ ಕಂಪನಿಗೆ ಒಪ್ಪಂದದ ಮೇಲೆ ಹೈಬ್ರಿಡ್ ಟೊಮೆಟೊ ಬೀಜ ಬೆಳೆದು ಕೊಟ್ಟಿದ್ದೇನೆ, ಹಣ ಬಾಕಿ ಇದೆ. ಒಪ್ಪಂದದಲ್ಲಿದ್ದ ಬೆಂಗಳೂರಿನ ವಿಳಾಸಕ್ಕೆ ಕಳಿಸಿದ ನೋಟಿಸು ‘ಲೆಫ್ಟ್’ ಎಂಬ ಷರಾದೊಂದಿಗೆ ವಾಪಸು ಬಂತು. ವೆಬ್‌ಸೈಟಿನಲ್ಲಿ ಹೈದರಾಬಾದಿನ ಕಾರ್ಪೊರೇಟ್ ಕಚೇರಿ ಎಂದಿದೆ, ನಮ್ಮ ಊರಲ್ಲೂ ಅವರದೊಂದು ಆಫೀಸಿದೆ. ಹೆಡ್ ಆಫೀಸು ಎಂದು ಯಾವುದನ್ನು ಹಿಡಿಯಬೇಕು? ಸರ್ಕಾರಿ ಸಂಸ್ಥೆಗಳಿಗೆ ನೋಟಿಸು ಕೊಡುವಾಗಲೂ ಹೀಗೇ ನೋಡಬೇಕೇ? ಒಪ್ಪಂದ ಮತ್ತು ರಸೀದಿಯ ಪ್ರತಿ ಲಗತ್ತಿಸಿದ್ದೇನೆ.

ಉತ್ತರ: ಕಾನೂನಿನ ಕಣ್ಣಿನಲ್ಲಿ ಕಂಪನಿಗೆ ಇರುವುದು ಒಂದೇ ವಿಳಾಸ. ಅದು ಅದರ ನೋಂದಾಯಿತ ಕಚೇರಿ, ಅಂದರೆ ರಿಜಿಸ್ಟರ್ಡ್ ಆಫೀಸು. ಹೆಡ್ ಆಫೀಸು, ಕಾರ್ಪೊರೇಟ್ ಕಚೇರಿ, ಆಡಳಿತ ಕಚೇರಿ ಎಂಬ ಹೆಸರುಗಳನ್ನೆಲ್ಲ ಕಂಪನಿಯವರು ತಮ್ಮ ಅನುಕೂಲಕ್ಕೆ ಇಟ್ಟುಕೊಳ್ಳುತ್ತಾರೆ. ವ್ಯವಹಾರವೆಲ್ಲ ಅಲ್ಲಿಯೇ ನಡೆಯುತ್ತಿರಬಹುದು, ಆದರೆ ನೋಟಿಸು ಜಾರಿಯಾಯಿತೇ ಇಲ್ಲವೇ ಎಂಬ ಪ್ರಶ್ನೆ ಬಂದಾಗ ನ್ಯಾಯಾಲಯ ಮೊದಲು ಕೇಳುವುದು ನೋಂದಾಯಿತ ಕಚೇರಿಯನ್ನೇ. 2013ರ ಕಂಪನಿ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ ಪ್ರತಿಯೊಂದು ಕಂಪನಿಯೂ ಪತ್ರಗಳನ್ನು ಸ್ವೀಕರಿಸಲು ಇಂಥದೊಂದು ಕಚೇರಿಯನ್ನು ಇಟ್ಟುಕೊಂಡಿರಲೇಬೇಕು. ಕಂಪನಿಗೆ ಕಾಗದಪತ್ರ ತಲುಪಿಸಬೇಕಾದದ್ದು ಅಲ್ಲಿಗೇ ಎಂದು 20ನೆಯ ಸೆಕ್ಷನ್ ಹೇಳುತ್ತದೆ. ದಾವೆ ಹೂಡಿದ ಮೇಲೆ ಸಮನ್ಸು ಕಳಿಸುವಾಗಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 29ನೆಯ ಆದೇಶ ಇದೇ ಕಚೇರಿಯನ್ನು ತೋರಿಸುತ್ತದೆ.

ಮೊದಲು ನೋಡಬೇಕಾದದ್ದು, ನಿಮಗೆ ಬಾಕಿ ಕೊಡಬೇಕಾದವರು ನಿಜಕ್ಕೂ ಕಂಪನಿಯೇ ಎಂಬುದನ್ನು. ಬೀಜೋತ್ಪಾದನೆಯಲ್ಲಿ ರೈತನಿಗೂ ಕಂಪನಿಗೂ ನಡುವೆ ಒಬ್ಬ ಆರ್ಗನೈಸರ್ ಇರುವುದು ನಮ್ಮ ಭಾಗದಲ್ಲಿ ಸಾಮಾನ್ಯ, ಎಷ್ಟೋ ಸಲ ರಸೀದಿ ಅವರ ಸಂಸ್ಥೆಯ ಹೆಸರಿನಲ್ಲಿಯೇ ಇರುತ್ತದೆ. ಇದನ್ನು ತಿಳಿಯಲು ರಸೀದಿಯ ಮೇಲಿನ ಜಿಎಸ್‌ಟಿ ಸಂಖ್ಯೆ ಸಾಕು. ಅದರಲ್ಲಿ 15 ಅಕ್ಷರಗಳಿರುತ್ತವೆ. ಮೊದಲ ಎರಡು ಅಂಕೆಗಳು ರಾಜ್ಯವನ್ನು ಸೂಚಿಸುತ್ತವೆ (ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36), ಅವುಗಳ ನಂತರದ ಹತ್ತು ಅಕ್ಷರಗಳೇ ಪ್ಯಾನ್ ಸಂಖ್ಯೆ. ಆ ಪ್ಯಾನಿನ ನಾಲ್ಕನೆಯ ಅಕ್ಷರ `C` ಆಗಿದ್ದರೆ ಅದು ಕಂಪನಿ, `F` ಆಗಿದ್ದರೆ ಪಾಲುದಾರಿಕೆ ಸಂಸ್ಥೆ, `P` ಆಗಿದ್ದರೆ ಒಬ್ಬ ವ್ಯಕ್ತಿಯ ಸ್ವಂತ ವ್ಯವಹಾರ. ನಿಮ್ಮ ರಸೀದಿಯಲ್ಲಿ `C` ಇದೆ, ಹಣ ಕೊಡಬೇಕಾದವರ ಹೆಸರೂ ಒಪ್ಪಂದದಲ್ಲಿರುವ ಹೆಸರೂ ಅಕ್ಷರಶಃ ಒಂದೇ ಆಗಿವೆ. ಆದ್ದರಿಂದ ಆ ಚಿಂತೆ ಬೇಡ. ಪಾಲುದಾರಿಕೆ ಸಂಸ್ಥೆಯಾಗಿದ್ದರೆ ನೋಂದಾಯಿತ ಕಚೇರಿಯ ಈ ನಿಯಮ ಅನ್ವಯಿಸುತ್ತಿರಲಿಲ್ಲ, ಸಂಸ್ಥೆಯ ವ್ಯವಹಾರದ ಸ್ಥಳಕ್ಕೂ ಪಾಲುದಾರರ ವಿಳಾಸಕ್ಕೂ ಕಳಿಸಬೇಕಾಗುತ್ತಿತ್ತು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಜಿಎಸ್‌ಟಿ ಜಾಲತಾಣದಲ್ಲಿ ಈ ಸಂಖ್ಯೆಯನ್ನು ಹಾಕಿದರೆ `Principal Place of Business` ಎಂದು ಒಂದು ವಿಳಾಸ ಬರುತ್ತದೆ, ಅದನ್ನೇ ಪ್ರಧಾನ ಕಚೇರಿ ಎಂದು ತಿಳಿದು ನೋಟಿಸು ಕಳಿಸಿದವರು ಇದ್ದಾರೆ. ಅದು ಆಯಾ ರಾಜ್ಯದೊಳಗಿನ ಮುಖ್ಯ ವ್ಯವಹಾರದ ಸ್ಥಳ ಮಾತ್ರ. ನಾಲ್ಕು ರಾಜ್ಯಗಳಲ್ಲಿ ವ್ಯವಹಾರವಿರುವ ಕಂಪನಿಗೆ ಅಂಥ ವಿಳಾಸಗಳು ನಾಲ್ಕಿರುತ್ತವೆ. ನಿಮ್ಮ ಕಂಪನಿಯ 29ರಿಂದ ಆರಂಭವಾಗುವ ಸಂಖ್ಯೆಗೆ ಸಿಗುವುದು ರಾಣೇಬೆನ್ನೂರಿನ ಅದೇ ಆಫೀಸು.

ನೋಂದಾಯಿತ ಕಚೇರಿಯನ್ನು ತಿಳಿಯುವ ಮೂಲ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣ. `www.mca.gov.in` ತೆರೆದು `View Company/LLP Master Data` ಎಂಬ ಸೇವೆಗೆ ಹೋಗಿ. ಲಾಗಿನ್ ಕೇಳಿದರೆ ಇ-ಮೇಲ್ ಕೊಟ್ಟು ನೋಂದಾಯಿಸಿಕೊಳ್ಳಿ. ಹುಡುಕಲು ಕಂಪನಿಯ ಪೂರ್ಣ ಹೆಸರು ಅಥವಾ ಸಿಐಎನ್ ಎಂಬ 21 ಅಕ್ಷರಗಳ ಗುರುತಿನ ಸಂಖ್ಯೆ ಬೇಕು. ಕಂಪನಿಯು ತನ್ನ ವ್ಯವಹಾರದ ಪತ್ರ ಮತ್ತು ಬಿಲ್ಲುಗಳ ಮೇಲೆ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಮತ್ತು ಈ ಸಂಖ್ಯೆಯನ್ನು ಮುದ್ರಿಸಬೇಕೆಂದು ಅದೇ 12ನೆಯ ಸೆಕ್ಷನ್ ಕಡ್ಡಾಯ ಮಾಡಿದೆ, ಆದ್ದರಿಂದ ಅಡಿಬರಹದ ಸಣ್ಣ ಅಕ್ಷರಗಳನ್ನು ಬಿಡದೆ ಓದಿ.

ನಿಮ್ಮ ಒಪ್ಪಂದದ ಕೊನೆಯ ಪುಟದ ಅಡಿಯಲ್ಲಿ ಸಿಐಎನ್ ಇದೆ. ಅದರ ಏಳನೆಯ ಮತ್ತು ಎಂಟನೆಯ ಅಕ್ಷರಗಳು ನೋಂದಾಯಿತ ಕಚೇರಿ ಇರುವ ರಾಜ್ಯವನ್ನು ಹೇಳುತ್ತವೆ, ನಿಮ್ಮ ಪ್ರತಿಯಲ್ಲಿ ಅವು `KA`. ಆದರೆ ಕಂಪನಿಯ ಹೆಸರು ಹಾಕಿ ಹುಡುಕಿದಾಗ ಈಗ ಬರುವ ಸಂಖ್ಯೆಯಲ್ಲಿ ಆ ಜಾಗದಲ್ಲಿ `TG` ಇದೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ನೋಂದಾಯಿತ ಕಚೇರಿ ವರ್ಗವಾದಾಗ ಸಿಐಎನ್ ಬದಲಾಗುತ್ತದೆ. ಅಂದರೆ ಒಪ್ಪಂದವಾದ ಮೇಲೆ ಕಂಪನಿ ಬೆಂಗಳೂರು ಬಿಟ್ಟಿದೆ, ನಿಮ್ಮ ಲಕೋಟೆಯ ಮೇಲೆ ಅಂಚೆಯವರು ಬರೆದ ಷರಾ ಸರಿಯಾಗಿಯೇ ಇದೆ. ಇನ್ನು ಗಮನಿಸಬೇಕಾದ ಸಂಗತಿ ಏನೆಂದರೆ, `Registered Address` ಎಂಬಲ್ಲಿ ಇರುವುದು ಸಿಕಂದರಾಬಾದಿನ ಒಂದು ವಿಳಾಸ, ವೆಬ್‌ಸೈಟಿನಲ್ಲಿರುವ ಹೈದರಾಬಾದಿನ ವಿಳಾಸವಲ್ಲ. ಬಡಾವಣೆಯೂ ಪಿನ್ ಕೋಡೂ ಬೇರೆ ಬೇರೆ. ಕಾರ್ಪೊರೇಟ್ ಕಚೇರಿಗೆ ಮಾತ್ರ ಕಳಿಸಿದ್ದರೆ ‘ನಮ್ಮ ನೋಂದಾಯಿತ ಕಚೇರಿಗೆ ಯಾವ ನೋಟಿಸೂ ಬಂದಿಲ್ಲ’ ಎಂದು ಹೇಳಲು ಅವರಿಗೆ ಅವಕಾಶ ಉಳಿಯುತ್ತಿತ್ತು.

ಅದೇ ಪುಟದಲ್ಲಿ `Company Status` ಎಂಬ ಸಾಲನ್ನೂ ಓದಬೇಕು. ನಿಮ್ಮ ಕಂಪನಿಯ ಮುಂದೆ `Active` ಎಂದಿದೆ, ಅದು ಒಳ್ಳೆಯದು. `Strike Off` ಎಂದಿದ್ದರೆ ಕಂಪನಿಯ ಹೆಸರನ್ನೇ ರಿಜಿಸ್ಟರಿನಿಂದ ತೆಗೆದುಹಾಕಲಾಗಿದೆ, ಸಮಾಪನೆಯಲ್ಲಿದ್ದರೆ ಲಿಕ್ವಿಡೇಟರ್ ಮುಂದೆ ಬೇಡಿಕೆ ಸಲ್ಲಿಸಬೇಕು. ಆ ಎರಡೂ ಸಂದರ್ಭಗಳಲ್ಲಿ ಸಾಧಾರಣ ನೋಟಿಸಿಗೆ ಖರ್ಚು ಮಾಡುವ ಮೊದಲು ವಕೀಲರೊಡನೆ ಕುಳಿತು ಮಾತಾಡಬೇಕಾಗುತ್ತದೆ.

ಈ ದಾಖಲೆಗೂ ಒಂದು ಮಿತಿ ಇದೆ. ವಿಳಾಸ ಬದಲಾಯಿಸಿದ ಕಂಪನಿಯು ರಿಜಿಸ್ಟ್ರಾರರಿಗೆ ತಿಳಿಸಲು 30 ದಿನಗಳ ಅವಕಾಶ ಪಡೆದಿರುತ್ತದೆ, ತಡಮಾಡುವವರೂ ಇದ್ದಾರೆ. ಹಾಗಾಗಿ ನೋಟಿಸಿನ ಕರಡು ಸಿದ್ಧವಾದ ದಿನ ನೋಡಿದ ವಿಳಾಸವನ್ನು, ಅಂಚೆಗೆ ಹಾಕುವ ದಿನ ಮತ್ತೊಮ್ಮೆ ನೋಡಿ, ದಿನಾಂಕ ಕಾಣುವಂತೆ ಆ ಪುಟದ ಮುದ್ರಿತ ಪ್ರತಿ ತೆಗೆದಿಡಿ. ಸಂಶಯ ಬಂದರೆ 100 ರೂಪಾಯಿ ಶುಲ್ಕ ಕಟ್ಟಿ ಆ ಕಂಪನಿ ಸಲ್ಲಿಸಿದ ಸಾರ್ವಜನಿಕ ದಾಖಲೆಗಳನ್ನು ನೋಡಬಹುದು. ವಿಳಾಸ ಬದಲಾವಣೆಯ ನಮೂನೆಯ ಹೆಸರು `INC-22`. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಗ್ರಾಹಕ ಸೇವಾ ಸಂಖ್ಯೆಗೆ ಫೋನು ಮಾಡಿ ವಿಳಾಸ ಕೇಳುವುದನ್ನು ಮಾತ್ರ ಮಾಡಬೇಡಿ. ಆ ಉತ್ತರಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ, ಆ ಸಂಖ್ಯೆ ಮೋಸಗಾರರದೂ ಆಗಿರಬಹುದು.

ನಿಮ್ಮ ಒಪ್ಪಂದದಲ್ಲಿ ಇನ್ನೊಂದು ಕಲಮು ಇದೆ: ನೋಟಿಸುಗಳನ್ನು ಶೀರ್ಷಿಕೆಯಲ್ಲಿರುವ ವಿಳಾಸಕ್ಕೆ ಕಳಿಸಬೇಕು, ವಿಳಾಸ ಬದಲಾದರೆ ಲಿಖಿತವಾಗಿ ತಿಳಿಸಬೇಕು ಎಂದು. ಕಂಪನಿ ನಿಮಗೆ ಹಾಗೆ ತಿಳಿಸಿಲ್ಲವಾದ್ದರಿಂದ ಬೆಂಗಳೂರಿಗೆ ಕಳಿಸಿದ ನೋಟಿಸು ವ್ಯರ್ಥವಾಯಿತು ಎಂದು ನಾನು ಹೇಳುವುದಿಲ್ಲ. ವಾಪಸು ಬಂದ ಆ ಲಕೋಟೆಯನ್ನು ಒಡೆಯದೆ ಹಾಗೆಯೇ ಇಟ್ಟುಕೊಳ್ಳಿ, ಅದೇ ಸಾಕ್ಷ್ಯ. ಆದರೂ ಅದೊಂದನ್ನೇ ನೆಚ್ಚಿಕೊಳ್ಳಬಾರದು. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೆಯ ಸೆಕ್ಷನ್ ಪ್ರಕಾರ, ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ಕಟ್ಟಿ, ರಿಜಿಸ್ಟರ್ ಮಾಡಿ ಕಳಿಸಿದ ಪತ್ರ ತಲುಪಿತೆಂದೇ ನ್ಯಾಯಾಲಯ ಭಾವಿಸುತ್ತದೆ, ತಲುಪಿಲ್ಲವೆಂದು ತೋರಿಸುವ ಹೊಣೆ ಎದುರಿನವರದಾಗುತ್ತದೆ. ಈ ಅನುಕೂಲವೆಲ್ಲ ನಿಂತಿರುವುದು ‘ಸರಿಯಾದ ವಿಳಾಸ’ ಎಂಬ ಎರಡು ಪದಗಳ ಮೇಲೆ. ಸರಿಯಾದ ವಿಳಾಸದಲ್ಲಿ ‘ನಿರಾಕರಿಸಿದರು’ ಎಂಬ ಷರಾ ಬಂದರೆ ಅದು ನಿಮ್ಮ ಪರವಾಗಿಯೇ ನಿಲ್ಲುತ್ತದೆ, ‘ಅಪೂರ್ಣ ವಿಳಾಸ’ ಎಂದು ಬಂದರೆ ನಿಲ್ಲುವುದಿಲ್ಲ.

ಆದ್ದರಿಂದ ಹೊಸದಾಗಿ ನೋಟಿಸು ಕೊಡಿ. ಲಕೋಟೆಯ ಮೇಲೆ ವ್ಯವಸ್ಥಾಪಕ ನಿರ್ದೇಶಕರ ಹೆಸರಿಗಿಂತ ಮೊದಲು ಕಂಪನಿಯ ಪೂರ್ಣ ಹೆಸರು ಬರಲಿ, ಅದರ ಕೆಳಗೆ ಸಿಕಂದರಾಬಾದಿನ ನೋಂದಾಯಿತ ಕಚೇರಿಯ ವಿಳಾಸವನ್ನು ದಾಖಲೆಯಲ್ಲಿ ಇರುವಂತೆಯೇ, ಮನೆ ಸಂಖ್ಯೆ, ಮಹಡಿ, ಪಿನ್ ಯಾವುದನ್ನೂ ಬಿಡದೆ ಬರೆಯಿಸಿ. ಅದೇ ನೋಟಿಸಿನ ಪ್ರತಿಗಳನ್ನು ಹೈದರಾಬಾದಿನ ಕಾರ್ಪೊರೇಟ್ ಕಚೇರಿಗೂ ಒಪ್ಪಂದದ ಬೆಂಗಳೂರು ವಿಳಾಸಕ್ಕೂ ರಾಣೇಬೆನ್ನೂರಿನ ಆಫೀಸಿಗೂ ಕಳಿಸಿ, ಇದನ್ನು ನೋಟಿಸಿನಲ್ಲಿಯೇ ನಮೂದಿಸಿ. ಅಂಚೆ ಇಲಾಖೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಂದಿಗೆ ಸೇರಿಸಿರುವುದರಿಂದ, ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದಷ್ಟೇ ಹೇಳಿ ಸುಮ್ಮನಾಗದೆ, ರಿಜಿಸ್ಟ್ರೇಷನ್ ಸೇವೆಯನ್ನೂ ಬಟವಾಡೆಯ ಪುರಾವೆಯನ್ನೂ ಕೇಳಿ ಪಡೆಯಿರಿ. ತಲುಪಿದ ವಿವರವನ್ನು ಆನ್‌ಲೈನಿನಲ್ಲಿ ನೋಡಿದ ಕೂಡಲೇ ಮುದ್ರಿಸಿಕೊಳ್ಳುವುದು ಮುಖ್ಯ, ತಿಂಗಳುಗಳು ಕಳೆದ ಮೇಲೆ ಹುಡುಕಿದರೆ ಅದು ಸಿಗದೆ ಹೋಗಬಹುದು.

ಸರ್ಕಾರದ ವಿಷಯದಲ್ಲಿ ದಾರಿ ಬೇರೆ. ವಿಳಾಸ ಯಾರದು ಎಂಬುದನ್ನು ಅಲ್ಲಿ ಕಾನೂನೇ ಹೇಳಿಬಿಡುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಸೆಕ್ಷನ್ ಅಡಿಯಲ್ಲಿ ರಾಜ್ಯ ಸರ್ಕಾರಕ್ಕೆ ಕೊಡುವ ಎರಡು ತಿಂಗಳ ನೋಟಿಸನ್ನು ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ಕೊಡಬಹುದು, ಆದ್ದರಿಂದ ನೀವು ಬೆಂಗಳೂರಿಗೆ ಹೋಗದೆ ಹಾವೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿಯೇ ಸ್ವೀಕೃತಿ ಪಡೆಯಬಹುದು. ರೈಲ್ವೆಯ ವಿಷಯವಾದರೆ ಆಯಾ ವಲಯದ ಜನರಲ್ ಮ್ಯಾನೇಜರರಿಗೆ ಕೊಡಬೇಕು. ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಹುಬ್ಬಳ್ಳಿಯ ಗದಗ ರಸ್ತೆಯಲ್ಲಿಯೇ ಇರುವಾಗ ದೆಹಲಿಯ ರೈಲ್ವೆ ಮಂಡಳಿಗೆ ಮಾತ್ರ ಬರೆದು ಕಾಯುವುದರಿಂದ ಪ್ರಯೋಜನವಿಲ್ಲ.

ನಿಗಮ, ಮಂಡಳಿ, ಬ್ಯಾಂಕುಗಳನ್ನು ಸರ್ಕಾರ ಎಂದು ತಿಳಿಯಬೇಡಿ, ಅವು ಪ್ರತ್ಯೇಕ ಕಾನೂನು ವ್ಯಕ್ತಿಗಳು. ಹೆಸ್ಕಾಂ ಕೂಡ ಕಂಪನಿ ಕಾಯ್ದೆಯ ಕೆಳಗಿನ ಕಂಪನಿಯೇ ಆದ್ದರಿಂದ ಅದರ ವಿಳಾಸವನ್ನೂ ಮೇಲೆ ಹೇಳಿದ ದಾಖಲೆಯಲ್ಲಿಯೇ ನೋಡಬಹುದು. ಉಳಿದ ಸಾರ್ವಜನಿಕ ಸಂಸ್ಥೆಗಳು ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಅಡಿಯಲ್ಲಿ ಪ್ರಕಟಿಸುವ ವಿವರಗಳಲ್ಲಿ ಕಚೇರಿಯ ವಿಳಾಸ ಸಿಗುತ್ತದೆ. ಆದರೆ ವಿಲೀನಗಳ ಬಗ್ಗೆ ಎಚ್ಚರವಿರಲಿ. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಪ್ರತ್ಯೇಕವಾಗಿ ಉಳಿದಿಲ್ಲ. ಅದು ಸೇರಿಕೊಂಡಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲಿದೆ. ಹಳೆಯ ಪಾಸ್‌ಬುಕ್ಕಿನ ವಿಳಾಸ ನೋಡಿ ಧಾರವಾಡಕ್ಕೆ ಬರೆದ ನೋಟಿಸಿನಲ್ಲಿ ಎದುರುದಾರರ ಹೆಸರೂ ತಪ್ಪಾಗುತ್ತದೆ, ಊರೂ ತಪ್ಪಾಗುತ್ತದೆ.

ಕೊನೆಯದಾಗಿ ದಿನಗಳ ಲೆಕ್ಕ. 80ನೆಯ ಸೆಕ್ಷನ್ ನೋಟಿಸಿನ ಎರಡು ತಿಂಗಳನ್ನು ದಾವೆಯ ಕಾಲಮಿತಿಯಿಂದ ಕಳೆಯಲಾಗುತ್ತದೆ. ಖಾಸಗಿ ಕಂಪನಿಗೆ ಕೊಡುವ ನೋಟಿಸಿಗೆ ಆ ರಿಯಾಯಿತಿ ಇಲ್ಲ. ಬಾಕಿ ಹಣದ ದಾವೆಗೆ ಸಾಮಾನ್ಯವಾಗಿ ಇರುವ ಮೂರು ವರ್ಷಗಳು, ನೀವು ಸರಿಯಾದ ವಿಳಾಸ ಹುಡುಕುತ್ತಿರುವಾಗಲೂ ಲಕೋಟೆ ವಾಪಸು ಬರುತ್ತಿರುವಾಗಲೂ ಕಳೆಯುತ್ತಲೇ ಇರುತ್ತವೆ. ಆದ್ದರಿಂದ ಹೊಸ ನೋಟಿಸಿನಲ್ಲಿ 15 ದಿನಗಳ ಗಡುವು ಕೊಟ್ಟು, ಉತ್ತರ ಬಂದರೂ ಬಾರದಿದ್ದರೂ ಹಣ ಸಲ್ಲಬೇಕಾಗಿದ್ದ ದಿನದಿಂದ ಲೆಕ್ಕ ಹಾಕಿ ದಾವೆ ಸಲ್ಲಿಸುವ ದಿನಾಂಕವನ್ನು ನಿಮ್ಮ ವಕೀಲರಿಂದ ಈಗಲೇ ಬರೆಸಿಕೊಳ್ಳಿ.